ಖಳನಾಯಕನ ಮನಪರಿವರ್ತನೆ ನಂಬುವಂತಾಗುವುದು ಯಾವಾಗ?

ಖಳನ ಮನಸ್ಸು ಬದಲಾಗುವುದು ನಂಬುವಂತಿರಬೇಕಾದರೆ ಅದರ ಬೀಜ ಕಥೆಯಲ್ಲಿ ಮೊದಲೇ ಬಿದ್ದಿರಬೇಕು. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ‘ಪಂಪ ರಾಮಾಯಣ’ವೆಂದೇ ಹೆಸರಾದ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣ.

ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂಬುದು ಈ ರಾವಣನ ವ್ರತ. ನಳಕೂಬರನ ಹೆಂಡತಿ ಉಪರಂಭೆ ತಾನಾಗಿ ಒಲಿದು ಬಂದಾಗಲೂ ಅವನು ಬುದ್ಧಿ ಹೇಳಿ ಗಂಡನ ಬಳಿಗೆ ಕಳಿಸುತ್ತಾನೆ. ಸೀತೆಯನ್ನು ಕಂಡು ಜಾರುವವನು ಇಂಥವನೇ. ಆದ್ದರಿಂದ ಮುಂದಿನ ಪಶ್ಚಾತ್ತಾಪ ಹೊಸ ಗುಣವಲ್ಲ, ಕಳೆದುಕೊಂಡದ್ದರ ಮರಳುವಿಕೆ.

ಬದಲಾವಣೆಗೆ ಕಣ್ಣೆದುರಿನ ಕಾರಣವೂ ಬೇಕು. ರಾವಣನ ಬೆದರಿಕೆಯ ಮಾತು ಕೇಳಿ ಸೀತೆ ಮೂರ್ಛೆ ಹೋಗುತ್ತಾಳೆ. ತನ್ನ ಕೃತ್ಯದ ಫಲವನ್ನು ಎದುರಿಗೇ ಕಂಡ ಅವನ ಮೋಹ ಅಲ್ಲೇ ಕರಗುತ್ತದೆ. ಹಿತ ಹೇಳಿದ ತಮ್ಮ ವಿಭೀಷಣನನ್ನು ದೂರ ಮಾಡಿದ್ದಕ್ಕೂ ನೋಯುತ್ತಾನೆ.

ಆದರೂ ಅವನು ಪೂರ್ತಿ ಬದಲಾಗುವುದಿಲ್ಲ. ಈಗಲೇ ಸೀತೆಯನ್ನು ಒಪ್ಪಿಸಿದರೆ ಹೆದರಿದನೆಂದಾರು. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ಆಮೇಲೆ ಒಪ್ಪಿಸುವೆನೆಂದುಕೊಳ್ಳುತ್ತಾನೆ. ಕಾಮ ಹೋಯಿತು, ಅಭಿಮಾನ ಉಳಿಯಿತು. ಅದಕ್ಕೆ ಪ್ರಾಣವನ್ನೇ ತೆರುತ್ತಾನೆ.

ಬರಹಗಾರರು ಎಡವುವುದು ಇಲ್ಲಿಯೇ. ಕೊನೆಯ ದೃಶ್ಯದಲ್ಲಿ ಕಣ್ಣೀರು ಹಾಕಿಸಿ ಎಲ್ಲವನ್ನೂ ಮಾಫಿ ಮಾಡುತ್ತಾರೆ. ಬಾಲ್ಯದ ಕಷ್ಟ ಹೇಳಿ ತಪ್ಪನ್ನೇ ಅಳಿಸುತ್ತಾರೆ. ನೊಂದವರಿಂದ ಬಲವಂತವಾಗಿ ಕ್ಷಮೆ ಕೊಡಿಸುತ್ತಾರೆ. ಪರೀಕ್ಷೆ ಸುಲಭ: ಪಶ್ಚಾತ್ತಾಪದ ಮಾತುಗಳನ್ನೆಲ್ಲ ತೆಗೆದು ಓದಬೇಕು. ಪಾತ್ರದ ನಡೆಯಲ್ಲೇ ಬದಲಾವಣೆ ಕಂಡರೆ ಅದು ನಿಜ.