ಲೋಟ ಕುಡಿದ ಶಾಖ

ಫ್ಲಾಸ್ಕಿಗೆ ಕಾಫಿ ಹಾಕುವ ಮೊದಲು ನಮ್ಮಮ್ಮ ಅದಕ್ಕೊಂದಿಷ್ಟು ಬಿಸಿನೀರು ಸುರಿದು, ಕುಲುಕಿ, ಚೆಲ್ಲುತ್ತಿದ್ದರು. ಹಾಗೆ ಮಾಡದಿದ್ದರೆ ತಣ್ಣಗಿರುವ ಫ್ಲಾಸ್ಕೇ ಕಾಫಿಯ ಬಿಸಿಯಲ್ಲಿ ತನ್ನ ಪಾಲು ತೆಗೆದುಕೊಂಡುಬಿಡುತ್ತದೆ. ಆ ಪಾಲು ಎಷ್ಟು ಎಂದು ಅಳೆಯುವ ಅಗತ್ಯ ಅಮ್ಮನಿಗೆ ಇರಲಿಲ್ಲ. ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವ ನನಗೆ ಇದೆ. ಆಮ್ಲಕ್ಕೆ ಪ್ರತ್ಯಾಮ್ಲ ಬೆರೆಸಿದಾಗ ಹುಟ್ಟುವ ಶಾಖವನ್ನು ಲೆಕ್ಕ ಹಾಕುವಾಗ ಹೆಚ್ಚಿನವರು ಎಡವುವುದು ಇದೇ ಪಾಲಿನಲ್ಲಿ.

ಪ್ರಯೋಗಕ್ಕೆ ಬೇಕಾದ್ದು ಕಡಿಮೆ. ಮುಚ್ಚಳವಿರುವ ಒಂದು ಥರ್ಮೋಕೋಲ್ ಲೋಟ, ಥರ್ಮಾಮೀಟರ್, ಕಲಕುವ ಕಡ್ಡಿ, 100 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲ, ಅಷ್ಟೇ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ. ಎರಡೂ ಲೀಟರಿಗೆ ಒಂದು ಮೋಲ್ ಸಾರದವು. ಎರಡೂ 27.0 ಡಿಗ್ರಿಯಲ್ಲಿವೆ ಎಂದುಕೊಳ್ಳೋಣ. ಒಂದಕ್ಕೊಂದು ಸುರಿದು ಮುಚ್ಚಿ ಕಲಕಿದರೆ ಕೆಲವೇ ಕ್ಷಣಗಳಲ್ಲಿ ಪಾದರಸ 33.3ಕ್ಕೆ ಏರುತ್ತದೆ. ಏರಿಕೆ 6.3 ಡಿಗ್ರಿ.

ಥರ್ಮಾಮೀಟರ್ ತೋರಿಸುವುದು ತಾಪಮಾನವನ್ನು, ಶಾಖವನ್ನಲ್ಲ. ಒಂದು ಚಮಚ ನೀರನ್ನೂ ಒಂದು ಹಂಡೆ ನೀರನ್ನೂ ಹತ್ತು ಡಿಗ್ರಿ ಬಿಸಿ ಮಾಡಲು ಬೇಕಾಗುವ ಸೌದೆ ಒಂದೇ ಅಲ್ಲವಷ್ಟೆ? ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು 4.18 ಜೂಲ್ ಶಾಖ ಬೇಕು. ಇದು ನೀರಿನ ವಿಶಿಷ್ಟೋಷ್ಣ. ಒಂದು ವಸ್ತು ಇಡಿಯಾಗಿ ಒಂದು ಡಿಗ್ರಿ ಏರಲು ಎಷ್ಟು ಶಾಖ ಬೇಕೋ ಅದು ಅದರ ಉಷ್ಣಸಾಮರ್ಥ್ಯ.

ಈಗ ಲೋಟದಲ್ಲಿರುವುದು 200 ಮಿ.ಲೀ. ಅದನ್ನು 200 ಗ್ರಾಂ ನೀರೆಂದೇ ಎಣಿಸುತ್ತೇವೆ. ನಿಜಕ್ಕೂ ಅದು ಉಪ್ಪುನೀರು. ಅದರ ತೂಕ ತುಸು ಹೆಚ್ಚು, ವಿಶಿಷ್ಟೋಷ್ಣ ತುಸು ಕಡಿಮೆ, ಹಾಗಾಗಿ ಒಂದರ ತಪ್ಪನ್ನು ಇನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತದೆ. 200ನ್ನು 4.18ರಿಂದಲೂ 6.3ರಿಂದಲೂ ಗುಣಿಸಿದರೆ ಸುಮಾರು 5,267 ಜೂಲ್. 100 ಮಿ.ಲೀ. ದ್ರಾವಣದಲ್ಲಿ ಇದ್ದದ್ದು 0.1 ಮೋಲ್ ಆಮ್ಲ. ಹಾಗಾದರೆ ಒಂದು ಮೋಲಿಗೆ 52.7 ಕಿಲೋಜೂಲ್. ಪುಸ್ತಕದಲ್ಲಿ ಇರುವುದು ಸುಮಾರು 57. ನಾಲ್ಕು ಕಿಲೋಜೂಲಿಗೂ ಹೆಚ್ಚು ಎಲ್ಲಿ ಹೋಯಿತು?

ಅದರಲ್ಲಿ ಒಂದು ಭಾಗವನ್ನು ಲೋಟ ಕುಡಿದಿದೆ. ನೀರಿನ ಜೊತೆ ಲೋಟದ ಒಳಮೈ, ಕಡ್ಡಿ, ಥರ್ಮಾಮೀಟರಿನ ಬುರುಡೆ ಎಲ್ಲವೂ 6.3 ಡಿಗ್ರಿ ಬಿಸಿಯಾಗಿವೆ, ನಾವು ಲೆಕ್ಕ ಬರೆದದ್ದು ನೀರಿಗೆ ಮಾತ್ರ. ಲೋಟದ ಪಾಲು ತಿಳಿಯಲು ಆಮ್ಲ ಬೇಕಿಲ್ಲ, ಬರೀ ನೀರು ಸಾಕು. ಲೋಟಕ್ಕೆ 27.0 ಡಿಗ್ರಿಯ 100 ಗ್ರಾಂ ತಣ್ಣೀರು ಹಾಕಿ, ಅದಕ್ಕೆ 47.0 ಡಿಗ್ರಿಯ 100 ಗ್ರಾಂ ಬಿಸಿನೀರು ಸುರಿಯಬೇಕು. ಲೋಟವೆಂಬುದೇ ಇಲ್ಲದಿದ್ದರೆ ತಾಪಮಾನ ಸರಿಯಾಗಿ ನಡುವೆ, 37.0ರಲ್ಲಿ ನಿಲ್ಲಬೇಕಿತ್ತು. ನಿಂತದ್ದು 36.4ರಲ್ಲಿ ಎನ್ನಿ. ಬಿಸಿನೀರು 10.6 ಡಿಗ್ರಿ ಇಳಿದು ಕೊಟ್ಟದ್ದು 4,431 ಜೂಲ್. ತಣ್ಣೀರು 9.4 ಡಿಗ್ರಿ ಏರಿ ಪಡೆದದ್ದು 3,929. ಉಳಿದ 502 ಜೂಲ್ ಲೋಟಕ್ಕೆ ಹೋಗಿದೆ, ತಣ್ಣೀರಿನೊಂದಿಗೆ ಅದೂ 9.4 ಡಿಗ್ರಿ ಏರಿದೆ. ಭಾಗಿಸಿದರೆ ಡಿಗ್ರಿಗೆ ಸುಮಾರು 53 ಜೂಲ್. ಇದು ಆ ಲೋಟದ ಉಷ್ಣಸಾಮರ್ಥ್ಯ. ಲ್ಯಾಬಿನಲ್ಲಿ ಇದನ್ನೇ ಕ್ಯಾಲೊರಿಮೀಟರ್ ಸ್ಥಿರಾಂಕ ಎನ್ನುತ್ತೇವೆ.

ಮೊದಲಿನ ಲೆಕ್ಕಕ್ಕೆ ಹಿಂತಿರುಗಿ, 53ನ್ನು 6.3ರಿಂದ ಗುಣಿಸಿದರೆ 334 ಜೂಲ್. ನೀರಿನ 5,267ಕ್ಕೆ ಕೂಡಿಸಿದರೆ 5,601. ಮೋಲಿಗೆ 56.0 ಕಿಲೋಜೂಲ್. ಕಳೆದುಹೋದದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿತು. ಶಾಖ ಹೊರಬರುವ ಕ್ರಿಯೆಯಾದ್ದರಿಂದ ಉತ್ತರದ ಮುಂದೆ ಋಣ ಚಿಹ್ನೆ ಬರೆಯುತ್ತೇವೆ.

ಉಳಿದ ಒಂದು ಕಿಲೋಜೂಲಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಥರ್ಮಾಮೀಟರನ್ನು ನೋಡಬೇಕು. ಓದುವಾಗ ಅರ್ಧ ಡಿಗ್ರಿ ಆಚೀಚೆಯಾದರೆ ಉತ್ತರ ನಾಲ್ಕೂವರೆ ಕಿಲೋಜೂಲಿನಷ್ಟು ಜಾರುತ್ತದೆ. ಡಿಗ್ರಿಯ ಹತ್ತನೇ ಒಂದು ಭಾಗ ತೋರಿಸುವ ಥರ್ಮಾಮೀಟರ್ ಇಲ್ಲದೆ ಈ ಪ್ರಯೋಗ ಮಾಡಿಸುವುದು ಮಕ್ಕಳಿಗೆ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಪುಸ್ತಕದ ಸಂಖ್ಯೆಯೂ ಕಲ್ಲಲ್ಲಿ ಕೆತ್ತಿದ್ದಲ್ಲ. 25 ಡಿಗ್ರಿಯಲ್ಲಿ, ತೀರಾ ತೆಳುವಾದ ದ್ರಾವಣಗಳಲ್ಲಿ ಅದು 55.8. ಇನ್ನೂ ತಣ್ಣಗಿದ್ದಾಗ 57ರ ಹತ್ತಿರ ಹೋಗುತ್ತದೆ.

ಒಮ್ಮೆ ಒಬ್ಬ ಹುಡುಗಿ ಕೇಳಿದಳು: “ಮೇಡಂ, ಎರಡನ್ನೂ ಇನ್ನೂರು ಇನ್ನೂರು ಮಿ.ಲೀ. ಹಾಕಿದ್ರೆ ಹನ್ನೆರಡೂವರೆ ಡಿಗ್ರಿ ಏರ್ಬೇಕಲ್ವಾ?” ಹಾಕಿ ನೋಡು ಎಂದೆ. ಏರಿದ್ದು ಮತ್ತೆ ಆರೂ ಚಿಲ್ಲರೆ. ಶಾಖ ಎರಡರಷ್ಟು ಹುಟ್ಟಿತು ನಿಜ, ಅದನ್ನು ಹಂಚಿಕೊಳ್ಳುವ ನೀರೂ ಎರಡರಷ್ಟಾಯಿತು. ತಾಪಮಾನ ಹೆಚ್ಚು ಏರಬೇಕಾದರೆ ಪ್ರಮಾಣವಲ್ಲ, ದ್ರಾವಣದ ಸಾರ ಹೆಚ್ಚಬೇಕು. ಇನ್ನೊಂದು ಲೆಕ್ಕದಲ್ಲಿ 100 ಮಿ.ಲೀ. ಆಮ್ಲಕ್ಕೆ ಬರೀ 50 ಮಿ.ಲೀ. ಪ್ರತ್ಯಾಮ್ಲ ಕೊಟ್ಟಿರುತ್ತಾರೆ. ಆಗ ಕ್ರಿಯೆ ನಡೆಯುವುದು 0.05 ಮೋಲಿನಷ್ಟು, ಅರ್ಧ ಆಮ್ಲ ಸುಮ್ಮನೆ ಉಳಿಯುತ್ತದೆ. ಆದರೆ ಬಿಸಿಯಾಗುವುದು 150 ಗ್ರಾಂ ಪೂರ್ತಿ. ಶಾಖ ಹುಟ್ಟಿಸಿದ್ದು ಯಾವುದು, ಅದನ್ನು ಪಡೆದದ್ದು ಯಾವುದೆಲ್ಲ ಎಂದು ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡರೆ ಇಲ್ಲಿ ತಪ್ಪುವುದಿಲ್ಲ.

ಲೋಟದ ಸ್ಥಿರಾಂಕ ಗೊತ್ತಾದ ಮೇಲೆ ಯಾವ ಲೆಕ್ಕವೂ ಸರಿಹೋಗುತ್ತದೆ ಎಂದು ಮಾತ್ರ ನಂಬಬಾರದು. ಎಥನಾಲ್ ತುಂಬಿದ ದೀಪದ ಮೇಲೆ ತಗಡಿನ ಡಬ್ಬಿಯಲ್ಲಿ 200 ಗ್ರಾಂ ನೀರಿಟ್ಟು ದಹನಶಾಖ ಅಳೆಯುವ ಪ್ರಯೋಗ ನೋಡಿ. ದೀಪವನ್ನು ಮೊದಲೂ ಕೊನೆಗೂ ತೂಗುತ್ತೇವೆ. ಒಂದು ಗ್ರಾಂ ಎಥನಾಲ್ ಉರಿದಾಗ ನೀರು 20 ಡಿಗ್ರಿ ಏರಿತು ಎನ್ನಿ. ನೀರು ಪಡೆದದ್ದು 16.7 ಕಿಲೋಜೂಲ್, 46 ಗ್ರಾಂ ತೂಗುವ ಒಂದು ಮೋಲಿಗೆ ಸುಮಾರು 770. ನಿಜವಾದ ಬೆಲೆ 1,367. ಹೆಚ್ಚುಕಡಿಮೆ ಅರ್ಧವೇ ಕಾಣೆಯಾಗಿದೆ. ಇಲ್ಲಿ ಡಬ್ಬಿಯ ಉಷ್ಣಸಾಮರ್ಥ್ಯವನ್ನು ಕೂಡಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಥರ್ಮೋಕೋಲ್ ಲೋಟದಲ್ಲಿ ಶಾಖ ಪಾತ್ರೆಗೆ ಸೇರಿತ್ತು, ನಾವು ಎಣಿಸಿರಲಿಲ್ಲ, ಅಷ್ಟೆ. ಇಲ್ಲಿ ಅದು ಪಾತ್ರೆಯನ್ನು ಮುಟ್ಟಲೇ ಇಲ್ಲ, ಜ್ವಾಲೆಯ ಪಕ್ಕದಿಂದ ಬಿಸಿಗಾಳಿಯಾಗಿ ಎದ್ದುಹೋಯಿತು. ಡಬ್ಬಿಯ ತಳದಲ್ಲಿ ಮಸಿ ಹಿಡಿದಿದ್ದರೆ ಇಂಧನ ಪೂರ್ತಿ ಉರಿದಿಲ್ಲ ಎಂದೂ ತಿಳಿಯಬೇಕು. ಉರಿಯದೆ ಬತ್ತಿಯಿಂದ ಆವಿಯಾದ ಎಥನಾಲೂ ನಮ್ಮ ತಕ್ಕಡಿಯಲ್ಲಿ ಉರಿದದ್ದರ ಖಾತೆಗೇ ಸೇರುತ್ತದೆ.

ಶಾಖ ಹೊರಗೆ ಓಡದಂತೆ ಬೆಂಕಿಯನ್ನೇ ನೀರಿನೊಳಗೆ ಇಡಬೇಕು. ಫ್ರಾನ್ಸಿನ ಬರ್ತೆಲೊ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮಾಡಿದ್ದು ಅದನ್ನೇ. ದಪ್ಪ ಉಕ್ಕಿನ ಪಾತ್ರೆಯಲ್ಲಿ ಇಂಧನವಿಟ್ಟು, ಒತ್ತಡದಲ್ಲಿ ಆಮ್ಲಜನಕ ತುಂಬಿ, ಬಿಗಿಯಾಗಿ ಮುಚ್ಚಿ, ನೀರಿನಲ್ಲಿ ಮುಳುಗಿಸಿ, ವಿದ್ಯುತ್ತಿನಿಂದ ಹೊತ್ತಿಸುವುದು. ಇದಕ್ಕೆ ಬಾಂಬ್ ಕ್ಯಾಲೊರಿಮೀಟರ್ ಎಂದು ಹೆಸರು. ಇಲ್ಲಿ ನೀರಿಗೆ ಬೇರೆ, ಪಾತ್ರೆಗೆ ಬೇರೆ ಲೆಕ್ಕವಿಲ್ಲ. ಮೊದಲು ಶಾಖ ಖಚಿತವಾಗಿ ಗೊತ್ತಿರುವ ಬೆಂಜೋಯಿಕ್ ಆಮ್ಲವನ್ನು ಸುಡುತ್ತಾರೆ. ಅದರ ಒಂದು ಗ್ರಾಮಿನಿಂದ ಬರುವುದು 26.4 ಕಿಲೋಜೂಲ್. ಆಗ ತಾಪಮಾನ 2.64 ಡಿಗ್ರಿ ಏರಿದರೆ ಇಡೀ ಸಲಕರಣೆಯ ಉಷ್ಣಸಾಮರ್ಥ್ಯ ಡಿಗ್ರಿಗೆ 10 ಕಿಲೋಜೂಲ್. ಆಮೇಲೆ ಅದರಲ್ಲೇ ಒಂದು ಗ್ರಾಂ ಸಕ್ಕರೆ ಸುಟ್ಟು 1.65 ಡಿಗ್ರಿ ಏರಿಕೆ ಕಂಡರೆ, ಆ ಗ್ರಾಮಿನಲ್ಲಿ 16.5 ಕಿಲೋಜೂಲ್ ಇತ್ತು. ಕಟ್ಟುನಿಟ್ಟಾಗಿ ಅಳೆಯುವವರು ಇದರಿಂದ ಇನ್ನೂ ಒಂದು ಸಣ್ಣ ಮೊತ್ತ ಕಳೆಯುತ್ತಾರೆ. ಸಕ್ಕರೆಗೆ ಬೆಂಕಿ ತಗುಲಿಸಿದ ಆ ಕೂದಲೆಳೆಯಂಥ ತಂತಿಯೂ ಉರಿದು ತನ್ನ ಪಾಲಿನ ಶಾಖ ಕೊಟ್ಟಿರುತ್ತದೆ.