ಮುಟುರು ಬಂದ ಗಿಡಕ್ಕೆ ಎಣ್ಣೆ ಬೇಡ, ಚೀಲ ತನ್ನಿ

“ನಾಕ್ ಸಲ ಎಣ್ಣಿ ಹೊಡದೀನ್ರೀ. ಹೊಡದಷ್ಟೂ ಮುದುಡಾಕತ್ತೈತಿ.”

ಹಾವೇರಿ ಕಡೆಯ ಮೆಣಸಿನಕಾಯಿ ಹೊಲವೊಂದರ ಬದುವಿನ ಮೇಲೆ ಕೇಳಿದ ಮಾತಿದು. ಅಲ್ಲಿ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ರೈತರ ಕೈಯಲ್ಲಿದ್ದ ಕುಡಿಯ ಎಲೆಗಳು ಬೆರಳುಗುರಿನಷ್ಟಕ್ಕೆ ನಿಂತಿದ್ದವು. ಅಂಚು ಮೇಲಕ್ಕೆ ಸುರುಳಿಗೊಂಡು, ನರಗಳ ನಡುವಿನ ಭಾಗ ಗುಳ್ಳೆಯೆದ್ದಂತೆ ಉಬ್ಬಿ, ನರಗಳು ಮಾತ್ರ ಹಳದಿಗೆ ತಿರುಗಿದ್ದವು. ಗೆಣ್ಣುಗಳ ನಡುವೆ ಅಂತರವೇ ಇಲ್ಲದೆ ಗಿಡ ಪೊರಕೆಯ ತುದಿಯಂತೆ ಗುಂಪಾಗಿತ್ತು. ಮುಟುರು, ಮುರುಟು, ಮುರ್ಡಾ ಎಂದು ಊರಿಗೊಂದು ಹೆಸರಿರುವ ರೋಗ ಇದು.

ತೊಂದರೆ ಶುರುವಾಗುವುದೇ ಆ ಹೆಸರಿನಿಂದ. ಮೆಣಸಿನ ಎಲೆ ಮೂರು ಬೇರೆ ಬೇರೆ ಕಾರಣಗಳಿಗೆ ಮುದುಡುತ್ತದೆ, ನಾವು ಮೂರನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಥ್ರಿಪ್ಸ್ ನುಸಿ ರಸ ಹೀರಿದರೆ ಎಲೆ ದೋಣಿಯಂತೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಕುಡಿಯನ್ನು ಬಿಳಿ ಹಾಳೆಯ ಮೇಲೆ ತಟ್ಟಿದರೆ ಸಣ್ಣ ಕಡ್ಡಿಯಂಥ ಹುಳುಗಳು ಉದುರಿ ಓಡಾಡುತ್ತವೆ. ಮೈಟ್ ನುಸಿಯಾದರೆ ಎಲೆ ಕೆಳಕ್ಕೆ ಬಾಗಿ ಬೋರಲು ಹಾಕಿದ ದೋಣಿಯಾಗುತ್ತದೆ, ತೊಟ್ಟು ಉದ್ದವಾಗುತ್ತದೆ. ಈ ಎರಡಕ್ಕೂ ಔಷಧವಿದೆ. ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂ ಬೆರೆಸಿ ಬಿಸಿಲು ಇಳಿದ ಮೇಲೆ ಸಿಂಪಡಿಸಿದರೆ ಹತ್ತು ದಿನಗಳೊಳಗೆ ಚಿಗುರು ನೆಟ್ಟಗೆ ಬರುತ್ತದೆ. ಹೋದ ವರ್ಷ ಹೊಡೆದು ಗುಣವಾಗಿತ್ತಲ್ಲ ಎಂದು ಯಾರಾದರೂ ಹೇಳಿದರೆ, ಅವರ ಹೊಲದಲ್ಲಿದ್ದದ್ದು ಬಹುಶಃ ನುಸಿ.

ಮೂರನೆಯದು ವೈರಸ್. ಹಳದಿ ನರ, ಉಬ್ಬಿದ ಎಲೆ, ಕುಳ್ಳಾದ ಗೆಣ್ಣು ಇದರ ಗುರುತು. ಔಷಧ ಬಿದ್ದ ಮೇಲೂ ಹೊಸ ಚಿಗುರು ಮುದುಡಿಯೇ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಒಮ್ಮೆ ಗಿಡದ ಒಳಗೆ ಸೇರಿದ ವೈರಸ್ಸನ್ನು ಕೊಲ್ಲುವ ಸಿಂಪರಣೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಂಗಡಿಯವರು ಕೊಡುವುದು ಅದನ್ನು ಹೊತ್ತು ತರುವ ಬಿಳಿ ನೊಣಕ್ಕೆ ಔಷಧ.

ನೊಣ ಸತ್ತರೆ ಸಾಲದೇ ಎಂದು ಕೇಳಬಹುದು. ಸಾಲದು. ಕಾರಣ ತಿಳಿಯಬೇಕಾದರೆ ಆ ನೊಣದ ಬಾಳನ್ನು ಸ್ವಲ್ಪ ನೋಡಬೇಕು.

ಬಿಳಿ ನೊಣ ಎಲೆಯ ಅಡಿಯಲ್ಲಿ ಮೊಟ್ಟೆ ಅಂಟಿಸುತ್ತದೆ. ಒಡೆದು ಬಂದ ಮರಿ ನಾಲ್ಕು ಹೆಜ್ಜೆ ಹರಿದಾಡಿ, ಒಂದು ಜಾಗ ಹಿಡಿದು ಕೊಂಡಿಯಂಥ ಬಾಯನ್ನು ಎಲೆಗೆ ಚುಚ್ಚಿ ಕೂರುತ್ತದೆ. ರೆಕ್ಕೆ ಬರುವವರೆಗೆ ಅಲ್ಲಿಂದ ಏಳುವುದಿಲ್ಲ. ಬಿಸಿಯ ದಿನಗಳಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು ಮೂರು ವಾರ ಸಾಕು. ಅದು ಕೂತ ಗಿಡಕ್ಕೆ ರೋಗವಿದ್ದರೆ, ಅಷ್ಟೂ ದಿನ ಅದು ಕುಡಿಯುವುದು ವೈರಸ್ ತುಂಬಿದ ರಸವನ್ನೇ. ರೆಕ್ಕೆ ಬಂದು ಹಾರುವ ಹೊತ್ತಿಗೆ ಅದು ರೋಗದ ಮೂಟೆ ಹೊತ್ತ ನೊಣ. ಸಾಯುವವರೆಗೂ ಮೂಟೆ ಇಳಿಯುವುದಿಲ್ಲ. ಹೊಸ ಗಿಡಕ್ಕೆ ರೋಗ ದಾಟಿಸಲು ಅದು ಕೆಲವು ನಿಮಿಷ ರಸ ಹೀರಿದರೆ ಮುಗಿಯಿತು.

ಎಣ್ಣೆ ಸೋಲುವುದು ಆ ಕೆಲವು ನಿಮಿಷಗಳಲ್ಲಿ. ಔಷಧ ಬಿದ್ದ ಎಲೆಯ ಮೇಲೆ ಕೂತ ನೊಣ ಸಾಯಬಹುದು, ಆದರೆ ಸಾಯುವ ಮೊದಲೇ ಕೊಡಬೇಕಾದ್ದನ್ನು ಕೊಟ್ಟಿರುತ್ತದೆ. ಪಕ್ಕದ ಹೊಲದಿಂದ ದಿನವೂ ಹೊಸ ನೊಣಗಳು ಬರುತ್ತಲೇ ಇರುತ್ತವೆ. ಮೇಲಿನಿಂದ ಹೊಡೆದದ್ದು ಎಲೆಯಡಿಯ ಮರಿಗೆ ಸರಿಯಾಗಿ ತಲುಪುವುದೂ ಇಲ್ಲ. ಸಿಂಥೆಟಿಕ್ ಪೈರೆಥ್ರಾಯ್ಡ್ ಜಾತಿಯ ಔಷಧ ಪದೇ ಪದೇ ಹೊಡೆದರಂತೂ ನೊಣವನ್ನು ತಿನ್ನುವ ಹುಳುಗಳು ಸತ್ತು, ಔಷಧಕ್ಕೆ ಒಗ್ಗಿದ ನೊಣ ಮೊದಲಿಗಿಂತ ಹೆಚ್ಚಾಗುತ್ತದೆ. “ಹೊಡದಷ್ಟೂ ಮುದುಡಾಕತ್ತೈತಿ” ಎಂದ ರೈತರು ಕಂಡದ್ದನ್ನೇ ಹೇಳಿದ್ದರು.

ಆದ್ದರಿಂದ ನೊಣಗಳ ಬೆನ್ನು ಹತ್ತುವುದಕ್ಕಿಂತ, ಅವು ರೋಗ ತುಂಬಿಕೊಳ್ಳುವ ಗಿಡವನ್ನೇ ತೆಗೆಯುವುದು ವಾಸಿ. ಹತ್ತು ಗುಂಟೆಯ ಹೊಲವನ್ನು ತೆಗೆದುಕೊಳ್ಳಿ. ಎರಡಡಿಗೊಂದರಂತೆ ಎರಡಡಿ ಸಾಲಿನಲ್ಲಿ ಅಗಿ ಹಚ್ಚಿದರೆ ಸುಮಾರು 2,700 ಗಿಡ. ಹಚ್ಚಿದ ಮೂರನೇ ವಾರದಲ್ಲಿ ಸಾಲು ಸಾಲಾಗಿ ನಡೆದಾಗ 27 ಗಿಡ ಮುದುಡಿದ್ದು ಕಂಡಿತು ಎನ್ನೋಣ, ಅಂದರೆ ನೂರಕ್ಕೆ ಒಂದು. ಒಂದೊಂದು ಗಿಡದಲ್ಲಿ ಇಪ್ಪತ್ತೇ ಮರಿ ಇದೆ ಎಂದು ಲೆಕ್ಕ ಹಿಡಿದರೂ 540 ರೋಗದ ನೊಣ ಹಾರಲು ತಯಾರಾಗುತ್ತಿವೆ. ಇಂದೇ ಕಿತ್ತರೆ ಆ ಮರಿಗಳು ಎಲೆಯ ಜೊತೆಗೇ ಒಣಗುತ್ತವೆ, ಏಕೆಂದರೆ ಅವಕ್ಕೆ ಎದ್ದು ಹೋಗಲು ಕಾಲೂ ಇಲ್ಲ, ರೆಕ್ಕೆಯೂ ಇಲ್ಲ. ಇಪ್ಪತ್ತೇಳು ಗಿಡ ಕೀಳಲು ಹೊಟ್ಟೆ ಉರಿಯುವುದು ನಿಜ. ಆದರೆ ಎಳೆಯದರಲ್ಲೇ ಮುಟುರು ಬಂದ ಗಿಡ ಹೂ ಉದುರಿಸುತ್ತದೆ, ಕಚ್ಚಿದ ಒಂದೆರಡು ಕಾಯಿಯೂ ಸೊಟ್ಟಗಾಗುತ್ತದೆ. ಅದನ್ನು ಉಳಿಸಿಕೊಂಡು ಪಡೆಯುವುದು ಏನೂ ಇಲ್ಲ.

ಕೀಳುವುದಕ್ಕೂ ಒಂದು ಕ್ರಮವಿದೆ, ಹೆಚ್ಚಿನವರು ತಪ್ಪುವುದು ಇಲ್ಲಿ. ಬಿಸಿಲೇರಿದ ಮೇಲೆ ಗಿಡ ಅಲುಗಿಸಿದರೆ ಅದರಲ್ಲಿದ್ದ ನೊಣಗಳು ಎದ್ದು ಪಕ್ಕದ ಒಳ್ಳೆಯ ಗಿಡಕ್ಕೆ ಹೋಗುತ್ತವೆ. ಬೆಳಗಿನ ತಂಪಿನಲ್ಲಿ ಅವು ಮಂಕಾಗಿರುತ್ತವೆ. ಆಗ ಪ್ಲಾಸ್ಟಿಕ್ ಚೀಲವನ್ನು ಗಿಡದ ಮೇಲೆ ಬೋರಲು ಹಾಕಿ, ಬುಡದಲ್ಲಿ ಬಾಯಿ ಹಿಡಿದು, ಬೇರುಸಹಿತ ಎಳೆಯಬೇಕು. ಚೀಲವನ್ನು ಕಟ್ಟಿ ಹೊಲದಾಚೆ ಒಯ್ದು ಬಿಸಿಲಿಗಿಟ್ಟು, ಒಳಗಿನ ಗಿಡ ಬಾಡಿದ ಮೇಲೆ ಹೂಳಬೇಕು. ಕಿತ್ತದ್ದನ್ನು ಬದುವಿಗೆ ಎಸೆದರೆ ಬಾಡುವ ಎಲೆ ಬಿಟ್ಟು ನೊಣ ಮತ್ತೆ ಹೊಲಕ್ಕೇ ಬರುತ್ತದೆ. ನೊಣ ತೀರಾ ಹೆಚ್ಚಿದ್ದರೆ ಹಿಂದಿನ ಸಂಜೆ ಒಂದು ಸಲ ಎಲೆಯಡಿಗೆ ತಾಗುವಂತೆ ಔಷಧ ಹೊಡೆದು ಬೆಳಿಗ್ಗೆ ಕೀಳಬಹುದು. ಎಣ್ಣೆಗೆ ಇರುವ ನ್ಯಾಯವಾದ ಜಾಗ ಅಷ್ಟೇ.

ಮೊದಲ ಸಲ ಕಿತ್ತ ವಾರದಲ್ಲೇ ಮತ್ತೆ ಹದಿನೈದಿಪ್ಪತ್ತು ಗಿಡ ಮುದುಡಿದರೆ ಗಾಬರಿ ಬೇಡ. ನೊಣ ಕಚ್ಚಿದ ಎರಡು ಮೂರು ವಾರದ ಮೇಲೆ ಎಲೆ ಮುದುಡುವುದರಿಂದ, ಅವು ನೀವು ಕೀಳುವ ಮೊದಲೇ ರೋಗ ಹತ್ತಿಸಿಕೊಂಡ ಗಿಡಗಳು. ನಾಲ್ಕೈದು ದಿನಕ್ಕೊಮ್ಮೆ ಸಾಲು ನಡೆದು, ಕಂಡದ್ದನ್ನು ಕಂಡ ದಿನವೇ ತೆಗೆಯುತ್ತ ಹೋಗಬೇಕು. ಮೊದಲ ಹದಿನೈದು ದಿನದಲ್ಲಿ ಬಿದ್ದ ಸಂದಿಗೆ ಪರದೆಯೊಳಗಿನ ಅಗಿ ಹಚ್ಚಬಹುದು. ಆಮೇಲಿನ ಸಂದಿಯನ್ನು ಹಾಗೇ ಬಿಡಿ, ಅಕ್ಕಪಕ್ಕದ ಗಿಡಗಳು ಹರಡಿ ಸ್ವಲ್ಪಮಟ್ಟಿಗೆ ತುಂಬುತ್ತವೆ.

ಈ ದಾರಿಗೂ ಮಿತಿ ಇದೆ. ಮೂರರಲ್ಲೊಂದು ಗಿಡ ಮುದುಡಿದ ಮೇಲೆ ಕೀಳುವುದಕ್ಕೆ ಅರ್ಥವಿಲ್ಲ. ಕಾಯಿ ತುಂಬಿದ ಮೇಲೆ ರೋಗ ಬಂದ ಗಿಡ ಇದ್ದ ಕಾಯಿಯನ್ನು ಹಣ್ಣು ಮಾಡುತ್ತದೆ, ಅದನ್ನು ಬಿಡಬಹುದು. ಪಕ್ಕದಲ್ಲೇ ರೋಗ ಹಿಡಿದ ಹಳೆಯ ಟೊಮೆಟೊ ಇದ್ದರೆ ನಿಮ್ಮದೊಂದೇ ಹೊಲ ಶುದ್ಧ ಮಾಡಿ ಪ್ರಯೋಜನ ಕಡಿಮೆ. ಅದಕ್ಕೇ ಸಸಿಮಡಿಗೆ ಮೊದಲ ದಿನದಿಂದ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟುವುದು, ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ ಬಿತ್ತುವುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ವೈರಸ್ ತಡೆಯುವ ಅರ್ಕಾ ತೇಜಸ್ವಿ, ಅರ್ಕಾ ಯಶಸ್ವಿಯಂಥ ಹೈಬ್ರಿಡ್‌ಗಳನ್ನೂ ಕೊಟ್ಟಿದೆ. ಬ್ಯಾಡಗಿ ತಳಿಯನ್ನೇ ನೆಚ್ಚಿದವರಿಗೆ ಪರದೆ ಮತ್ತು ಚೀಲವೇ ಗತಿ.

ಇನ್ನೊಂದು ಮಾತು. ಕೊನೆಯ ಬಿಡಿಸು ಮುಗಿದ ಹೊಲದಲ್ಲಿ ನಾಲ್ಕು ಕಾಯಿಯ ಆಸೆಗೆ ಗಿಡ ನಿಲ್ಲಿಸಬೇಡಿ. ಮುಂದಿನ ಹಂಗಾಮಿನ ಅಗಿ ಹೊರಗೆ ಬರುವಷ್ಟರಲ್ಲಿ ಅವನ್ನು ಬುಡಸಹಿತ ಕಿತ್ತಿರಿ, ಪಕ್ಕದ ಹೊಲದವರಿಗೂ ಹೇಳಿ.