ವಪೆಯ ಕೆಳಗಿನ ಕಪ್ಪು ಗೆರೆ

ಮಂಡಿನೋವಿಗೆಂದು ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದ, 50 ದಾಟಿದ ಒಬ್ಬ ರೋಗಿ ಎಂದಿಟ್ಟುಕೊಳ್ಳಿ. ಬೆಳಗಿನ ಜಾವ ಮೇಲ್ಹೊಟ್ಟೆಯಲ್ಲಿ ಒಮ್ಮೆಲೇ ಅಸಾಧ್ಯ ನೋವು. ಆಸ್ಪತ್ರೆಗೆ ತರುವಷ್ಟರಲ್ಲಿ ಹೊಟ್ಟೆ ಬಿಗಿದು ಗಟ್ಟಿಯಾಗಿದೆ, ಮುಟ್ಟಲೂ ಬಿಡುತ್ತಿಲ್ಲ. ನೋವು ಹೊಟ್ಟೆಯದಾದರೂ ವೈದ್ಯರು ಮೊದಲು ಎದೆಯ ಎಕ್ಸ್-ರೇ ಬರೆಯುತ್ತಾರೆ, ಅದೂ ಕೂರಿಸಿ ಅಥವಾ ನಿಲ್ಲಿಸಿ ತೆಗೆಯಬೇಕೆಂದು. ಯಾಕೆ?

ಜಠರದ ಹುಣ್ಣು ತೂತಾದರೆ ಒಳಗಿನ ಗಾಳಿ ಹೊಟ್ಟೆಯ ಪೊಳ್ಳಿಗೆ ಸೋರುತ್ತದೆ. ದೇಹ ನೇರವಾಗಿದ್ದರೆ ಆ ಗಾಳಿ ಮೇಲೇರಿ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಅಡಿಯಲ್ಲಿ ನಿಲ್ಲುತ್ತದೆ. ಅದಕ್ಕೆ ಸಮಯ ಬೇಕು. ಆದ್ದರಿಂದ ರೋಗಿಯನ್ನು ಐದು-ಹತ್ತು ನಿಮಿಷ ನೇರವಾಗಿ ಕೂರಿಸಿದ ಮೇಲೆಯೇ ಚಿತ್ರ ತೆಗೆಯುವುದು ಒಳ್ಳೆಯದು. ಕೂರಲಾಗದವರನ್ನು ಎಡಮಗ್ಗುಲಿಗೆ ಮಲಗಿಸಿ ತೆಗೆಯುತ್ತಾರೆ. ಆಗ ಗಾಳಿ ಲಿವರಿನ ಬಲಪಕ್ಕದಲ್ಲಿ ಕಾಣುತ್ತದೆ.

ಮೊದಲು ನೋಡಬೇಕಾದದ್ದು ಬಲಗಡೆ. ಅಲ್ಲಿ ವಪೆಯ ಕೆಳಗೆ ಲಿವರ್ ಒತ್ತಿಕೊಂಡಿರುವುದರಿಂದ ಎಕ್ಸ್-ರೇಯಲ್ಲಿ ಎಲ್ಲವೂ ಬೆಳ್ಳಗಿರಬೇಕು. ಅದರ ಬದಲು ಬಿದಿಗೆಯ ಚಂದ್ರನಂತೆ ತೆಳುವಾದ ಕಪ್ಪು ಪಟ್ಟಿ ಕಂಡು, ಅದರ ಮೇಲೆ ವಪೆ ಸಣ್ಣ ಬಿಳಿ ಗೆರೆಯಾಗಿ ಬಿಡಿಬಿಡಿಯಾಗಿ ತೋರಿದರೆ, ಅದು ಸೋರಿದ ಗಾಳಿಯೇ ಇರಬಹುದು. ಎಡಗಡೆ ಈ ಸುಲಭವಿಲ್ಲ. ಜಠರದೊಳಗಿನ ಗಾಳಿ ಅಲ್ಲಿ ಸಹಜವಾಗಿಯೇ ಕಪ್ಪಾಗಿ ಕಾಣುತ್ತದೆ. ಆದರೆ ಅದರ ಮೇಲಿನ ಬಿಳಿ ಗೆರೆ ದಪ್ಪ, ಏಕೆಂದರೆ ವಪೆಯ ಜೊತೆಗೆ ಜಠರದ ಗೋಡೆಯೂ ಸೇರಿರುತ್ತದೆ.

ಬಲಗಡೆಯೂ ಮೋಸವಾಗುವುದುಂಟು. ಕೆಲವರಲ್ಲಿ ದೊಡ್ಡ ಕರುಳಿನ ಒಂದು ಭಾಗ ಲಿವರಿಗೂ ವಪೆಗೂ ನಡುವೆ ಸೇರಿಕೊಂಡಿರುತ್ತದೆ. 1910ರಲ್ಲಿ ಇದನ್ನು ವಿವರಿಸಿದ ವೈದ್ಯ ಕಿಲೈದಿತಿಯ ಹೆಸರೇ ಇದಕ್ಕಿದೆ. ಇಂಥವರಲ್ಲಿ ಕಪ್ಪಿನ ಒಳಗೆ ಕರುಳಿನ ಮಡಿಕೆಗಳ ಅಡ್ಡಗೆರೆಗಳು ಕಾಣುತ್ತವೆ. ಸೋರಿದ ಗಾಳಿಯಲ್ಲಿ ಅಂಥ ಮಡಿಕೆ ಇರುವುದಿಲ್ಲ. ವಪೆಯಡಿಯ ಕೀವುಗಟ್ಟಿನಲ್ಲೂ ಗಾಳಿ ಇರಬಹುದು. ಅದರ ತಳ ಕೀವಿನ ಮೇಲ್ಮೈಯಾದ್ದರಿಂದ ನೇರ ಅಡ್ಡಗೆರೆಯಾಗಿ ತೋರುತ್ತದೆ, ರೋಗಿಗೆ ಸಾಮಾನ್ಯವಾಗಿ ಜ್ವರವೂ ಇರುತ್ತದೆ. ಶ್ವಾಸಕೋಶದ ಬುಡ ಕುಗ್ಗಿ ಮೂಡುವ ಬಿಳಿ ಪಟ್ಟಿಯೂ ವಪೆಯೆಂದು ಭ್ರಮೆ ಹುಟ್ಟಿಸಬಲ್ಲದು.

ನಿಜವಾದ ಗಾಳಿಯಿದ್ದರೂ ತೂತಿರಲೇಬೇಕೆಂದಿಲ್ಲ. ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ ಮಾಡಿದ ಮೇಲೆ ಹಲವು ದಿನ ಗಾಳಿ ಉಳಿಯುತ್ತದೆ. ಹಾಗಾಗಿ ಇತ್ತೀಚೆಗೆ ಆಪರೇಷನ್ ಆಗಿದೆಯೇ ಎಂದು ಕೇಳಲೇಬೇಕು.

ನಮ್ಮ ರೋಗಿಯ ಚಿತ್ರದಲ್ಲಿ ಬಲವಪೆಯಡಿ ಮಡಿಕೆಯಿಲ್ಲದ ಕಪ್ಪು ಪಟ್ಟಿ ಇದೆ, ಹಿಂದೆ ಆಪರೇಷನ್ ಆಗಿಲ್ಲ, ಹೊಟ್ಟೆ ಬಿಗಿದಿದೆ. ಮೂರೂ ಒಂದೇ ಕಡೆ ಬೆರಳು ತೋರುವುದರಿಂದ ಶಸ್ತ್ರಚಿಕಿತ್ಸಕರನ್ನು ಕೂಡಲೇ ಕರೆಯುತ್ತಾರೆ. ಆದರೆ ಇದೇ ಹೊಟ್ಟೆಯ ಎಕ್ಸ್-ರೇಯಲ್ಲಿ ಗಾಳಿ ಕಾಣದೆಯೂ ಇರಬಹುದಿತ್ತು. ತೂತು ಬೇಗ ಮುಚ್ಚಿಕೊಂಡರೆ ಗಾಳಿ ಹೆಚ್ಚು ಸೋರುವುದಿಲ್ಲ. ಆದ್ದರಿಂದ ಹೊಟ್ಟೆ ಬಿಗಿದಿದ್ದು ಚಿತ್ರ ಸರಿಯಿದ್ದರೆ ರೋಗಿಯನ್ನು ಮನೆಗೆ ಕಳಿಸಬಾರದು, ಸಿಟಿ ಸ್ಕ್ಯಾನ್ ಮಾಡಿಸಬೇಕು.